ಸ್ಟೋರ್ಸ್‌ನಿಂದ ಸಿಕ್ಕ ಒಂದು ಸಾಲು

ಸೇವೆಯಲ್ಲಿದ್ದಾಗಲೇ ತೀರಿಕೊಂಡವರ ಮನೆಗೆ ಆಡಳಿತ ಮಂಡಳಿಯ ಪರವಾಗಿ ಸಂತಾಪ ಪತ್ರ ತಯಾರಿಸುವುದು ಎಚ್‌ಆರ್‌ನಲ್ಲಿ ನನ್ನ ಪಾಲಿನ ಕೆಲಸ. ಮೊದಲೆಲ್ಲ ಹಳೇ ಪತ್ರ ತೆರೆದು ಹೆಸರು, ಹುದ್ದೆ ಬದಲಿಸುತ್ತಿದ್ದೆ, ಅಷ್ಟೇ. ಒಮ್ಮೆ ಮಹಿಳಾ ನೌಕರರೊಬ್ಬರ ಪತ್ರದಲ್ಲಿ ‘ಅವರ ಪತ್ನಿ ಹಾಗೂ ಮಕ್ಕಳಿಗೆ’ ಎಂದು ಹಾಗೇ ಉಳಿದುಬಿಟ್ಟಿತ್ತು. ಸಹಿ ಹಾಕುವಾಗ ನಿರ್ದೇಶಕರ ಕಣ್ಣಿಗೆ ಬಿದ್ದು ಮಾನ ಉಳಿಯಿತು. ಅವತ್ತೇ ಆ ಫೈಲ್ ಅಳಿಸಿದೆ.

ಅದಾದ ಮೇಲೆ ಬರೆದದ್ದು ಸ್ಟೋರ್ಸ್‌ನಲ್ಲಿ 17 ವರ್ಷ ದುಡಿದವರೊಬ್ಬರ ಮನೆಗೆ. ಅವರ ಪತ್ನಿಯ ಹೆಸರು ಸೇವಾ ಕಡತದಲ್ಲಿ ಒಂದು ಥರ, ನಾಮಿನಿ ಫಾರಂನಲ್ಲಿ ಇನ್ನೊಂದು ಥರ ಇತ್ತು. ಮನೆಗೆ ಹೋಗಿ ಬಂದಿದ್ದ ಸಹೋದ್ಯೋಗಿಯನ್ನು ಕೇಳಿ, ಆಕೆ ತಾನೇ ಬರೆಯುವ ರೀತಿಯಲ್ಲಿ ಹಾಕಿದೆ.

ಆಮೇಲೆ ಸ್ಟೋರ್ಸ್‌ಗೇ ಹೋದೆ. ‘ಅವರ ಬಗ್ಗೆ ಏನಾದರೂ ಹೇಳಿ’ ಅಂದರೆ ‘ಒಳ್ಳೆಯವರು ಸಾರ್’ ಎಂಬ ಉತ್ತರ ಬಿಟ್ಟರೆ ಬೇರೆ ಹೊರಡಲಿಲ್ಲ. ‘ಅವರು ರಜೆ ಹಾಕಿದ ದಿನ ಏನು ಎಡವಟ್ಟಾಗ್ತಿತ್ತು?’ ಎಂದು ಕೇಳಿದೆ. ಹೆಲ್ಪರ್ ಹುಡುಗ ತಕ್ಷಣ ಹೇಳಿದ: ‘ಬೇರಿಂಗ್ ಯಾವ ರ್‍ಯಾಕಲ್ಲಿದೆ ಅಂತ ಹುಡುಕೋದ್ರಲ್ಲೇ ಅರ್ಧ ದಿನ ಹೋಗ್ತಿತ್ತು. ರಾತ್ರಿ ಪಾಳಿಯೋರು ಮನೆಗೆ ಫೋನ್ ಮಾಡಿದ್ರೂ ಬೈತಿರ್ಲಿಲ್ಲ, ಎದ್ದು ಹೇಳೋರು.’ ಪತ್ರದ ಎರಡನೇ ಪ್ಯಾರಾ ಆದದ್ದು ಅದೇ: ‘ರಾತ್ರಿ ಪಾಳಿಯವರು ನಿದ್ದೆಯಿಂದ ಎಬ್ಬಿಸಿದರೂ ಬೇಸರಿಸದೆ, ಯಾವ ವಸ್ತು ಎಲ್ಲಿದೆ ಎಂದು ಅವರು ಹೇಳುತ್ತಿದ್ದುದನ್ನು ಸಹೋದ್ಯೋಗಿಗಳು ನೆನೆಯುತ್ತಾರೆ.’ ಆ ಫೋನ್ ಸದ್ದಿಗೆ ಎಚ್ಚರವಾಗುತ್ತಿದ್ದವರು ಪತ್ರ ಓದುವ ಅವರ ಪತ್ನಿಯೂ ಹೌದಲ್ಲ!

ಕರಡಿನಲ್ಲಿದ್ದ ‘ಕಂಪನಿ ಎಲ್ಲ ರೀತಿಯ ನೆರವು ನೀಡಲಿದೆ’ ಎಂಬ ಸಾಲನ್ನು ಹೊಡೆದುಹಾಕಿದೆ. ಲೆಟರ್‌ಹೆಡ್‌ನಲ್ಲಿ ಹಾಗೆ ಬರೆದರೆ ಮನೆಯವರು ಮಗನಿಗೆ ಕೆಲಸ ಗ್ಯಾರಂಟಿ ಅಂತಲೇ ಓದಿಕೊಳ್ಳುತ್ತಾರೆ. ಅದನ್ನು ಕೊಡುವ ಅಧಿಕಾರ ನನಗೂ ಇಲ್ಲ, ಸಹಿ ಮಾಡುವವರೂ ತೀರ್ಮಾನಿಸಿರಲಿಲ್ಲ. ಬದಲಿಗೆ ನಮ್ಮ ವಿಭಾಗದ ಒಬ್ಬರ ಹೆಸರು, ನೇರ ಫೋನ್ ನಂಬರ್ ಕೊಟ್ಟು, ‘ಏನೇ ಇದ್ದರೂ ಇವರನ್ನು ಕೇಳಬಹುದು’ ಎಂದು ಬರೆದೆ. ಸಾವಿನ ಕಾರಣದ ಮಾತೂ ಎತ್ತಲಿಲ್ಲ. ಕೆಲಸದ ಜಾಗದಲ್ಲಿ ಅಪಘಾತವಾಗಿ ತನಿಖೆ ನಡೆಯುತ್ತಿದ್ದರಂತೂ ವಕೀಲರಿಗೆ ತೋರಿಸದೆ ಕಳಿಸಬಾರದು. ಬಾಕಿ ಸಂಬಳ, ವಿಮೆ, ಗುರುತಿನ ಚೀಟಿ ವಾಪಸ್ ಇವೆಲ್ಲ ಬೇರೆ ಪತ್ರದಲ್ಲಿ, ಕ್ರಿಯೆಗಳು ಮುಗಿದ ಮೇಲೆ ಹೋದವು.

ಪತ್ರ ಒಂದೇ ಪುಟ. ನಿರ್ದೇಶಕರು ಪೆನ್ನಿನಲ್ಲೇ ಸಹಿ ಮಾಡಿದರು, ಐದನೇ ದಿನ ಸ್ಟೋರ್ಸ್ ಮೇಲ್ವಿಚಾರಕರು ಮನೆಗೇ ಹೋಗಿ ಕೊಟ್ಟರು.

ನಾನು ಮರೆತದ್ದು ಹಾಜರಾತಿ ಸಾಫ್ಟ್‌ವೇರ್. ನೌಕರರ ಮೊಬೈಲ್ ಪತ್ನಿಯ ಕೈಯಲ್ಲಿತ್ತು. ಮೇಲ್ವಿಚಾರಕರು ಅಲ್ಲಿ ಕೂತಿದ್ದಾಗಲೇ ಅದಕ್ಕೆ ಮೆಸೇಜ್ ಬಂತಂತೆ: ‘ನೀವು ಐದು ದಿನಗಳಿಂದ ಗೈರುಹಾಜರಾಗಿದ್ದೀರಿ, ಕಾರಣ ತಿಳಿಸಿ.’ ಈಗ ಸಾವಿನ ಸುದ್ದಿ ಬಂದ ಕೂಡಲೇ, ಪತ್ರಕ್ಕೆ ಕೈ ಹಾಕುವ ಮೊದಲು, ಐಟಿಯವರಿಗೆ ಫೋನ್ ಮಾಡುತ್ತೇನೆ.