ಲೊಂಬೊಕ್‌ನಿಂದ ಸಿಂಗಾಪುರದವರೆಗೆ: ಪ್ಯಾಸೇಜ್ ಪ್ಲಾನ್‌ಗೆ ಹಕ್ಕಿನ ಬಣ್ಣ ಹಚ್ಚಿದ ಅನುಭವ

ಹಡಗಿನ ದಾರಿಯನ್ನು ಮೊದಲೇ ಗೊತ್ತುಮಾಡುವ ಪ್ಯಾಸೇಜ್ ಪ್ಲಾನ್‌ನ ಪ್ರತಿ ಲೆಗ್‌ನಲ್ಲೂ ಹಡಗು ಯಾವ ಹಕ್ಕಿನ ಮೇಲೆ ಸಾಗುತ್ತಿದೆ ಎಂದು ಗುರುತು ಹಾಕಲು ಹೊರಟಾಗ, "ಅದು ವಕೀಲರ ಕೆಲಸ, ಬ್ರಿಡ್ಜ್‌ನಲ್ಲಿ ಯಾಕೆ" ಅಂದವರೇ ಹೆಚ್ಚು. ಅವರಲ್ಲಿ ಹಲವರು ಈಗ ಆ ಗುರುತು ಇಲ್ಲದ ಪ್ಲಾನ್‌ಗೆ ಸಹಿ ಹಾಕುವುದಿಲ್ಲ. ಹಾಗಾಗಿ ಸ್ವಲ್ಪ ಜಂಬದಿಂದಲೇ ಬರೆಯುತ್ತಿದ್ದೇನೆ.

ಮೊದಲ ಎರಡು ರೂಪಗಳು ನಿಲ್ಲಲಿಲ್ಲ. ಸಮುದ್ರದ ಹೆಸರಿಗೊಂದು ಹಕ್ಕು ಬರೆದಿಟ್ಟರೆ, ಒಂದೇ ಸಮುದ್ರದಲ್ಲಿ ಎರಡು ಮೂರು ಬಗೆಯ ಹಕ್ಕು ಇರುವುದು ಮರೆಯಾಗುತ್ತದೆ. ವಿಶ್ವಸಂಸ್ಥೆಯ 1982ರ ಸಮುದ್ರ ಕಾನೂನು ಒಡಂಬಡಿಕೆಯ ವಿಧಿಗಳ ಸಂಖ್ಯೆ ಬರೆದಿಟ್ಟರೆ ರಾತ್ರಿ ವಾಚ್‌ನಲ್ಲಿ ಅದನ್ನು ಯಾರೂ ಓದುವುದಿಲ್ಲ. ಕೊನೆಗೆ ನಿಂತದ್ದು ಹಡಗಿನ ಎಲೆಕ್ಟ್ರಾನಿಕ್ ನಕ್ಷೆಯಾದ ಎಕ್ಡಿಸ್‌ನ ಯೂಸರ್ ಲೇಯರ್‌ನಲ್ಲಿ ಬಣ್ಣ ಹಚ್ಚುವ ವಿಧಾನ. ಹಸಿರು ಟ್ರಾನ್ಸಿಟ್ ಪ್ಯಾಸೇಜ್, ಅಂದರೆ ಅಂತರರಾಷ್ಟ್ರೀಯ ಜಲಸಂಧಿ ದಾಟಿಹೋಗುವ ಹಕ್ಕು. ನೀಲಿ ಆರ್ಕಿಪೆಲಾಜಿಕ್ ಸೀ ಲೇನ್ ಪ್ಯಾಸೇಜ್, ಅಂದರೆ ದ್ವೀಪಸಮೂಹ ದೇಶದ ನಡುವಿನ ಸಮುದ್ರಮಾರ್ಗದಲ್ಲಿ ದಾಟಿಹೋಗುವ ಹಕ್ಕು. ಹಳದಿ ಇನೊಸೆಂಟ್ ಪ್ಯಾಸೇಜ್, ಅಂದರೆ ಕರಾವಳಿ ದೇಶದ ನೀರಿನಲ್ಲಿ ನಿರುಪದ್ರವಿಯಾಗಿ ಸಾಗುವ ಹಕ್ಕು. ಪ್ರತಿ ಬಣ್ಣದ ಪಕ್ಕ ಮೂರು ಪ್ರಶ್ನೆಗಳಿಗೆ ಉತ್ತರ: ಕರಾವಳಿ ದೇಶ ಈ ದಾರಿಯನ್ನು ತಾತ್ಕಾಲಿಕವಾಗಿ ಮುಚ್ಚಬಹುದೇ? ಎಷ್ಟು ಬದಿಗೆ ಸರಿಯಬಹುದು? ಹಡಗಿನಲ್ಲಿ ಯಾವುದನ್ನು ಬಂದ್ ಇಡಬೇಕು?

ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಅದಿರು ತುಂಬಿಕೊಂಡು ಲೊಂಬೊಕ್, ಮಕಾಸ್ಸಾರ್ ಜಲಸಂಧಿಗಳ ಮೂಲಕ ಜಪಾನಿನ ಕಡೆ ಹೋಗುವ ದೊಡ್ಡ ಬಲ್ಕರ್ ತೆಗೆದುಕೊಳ್ಳಿ. ಇದು ಇಂಡೋನೇಷ್ಯಾದ ಎರಡನೇ ಸೀ ಲೇನ್. ಉತ್ತರ-ದಕ್ಷಿಣದ ಮೂರು ಲೇನ್‌ಗಳನ್ನು ಅಂತರರಾಷ್ಟ್ರೀಯ ಸಾಗರ ಸಂಸ್ಥೆಯಾದ ಐಎಂಒ 1998ರಲ್ಲಿ ಒಪ್ಪಿತು, ಇಂಡೋನೇಷ್ಯಾ 2002ರಲ್ಲಿ ತನ್ನ ನಿಯಮವಾಗಿ ಹೊರಡಿಸಿತು. ನೀಲಿ ಬಣ್ಣ ಎಲ್ಲಿಂದ ಶುರು ಎಂಬಲ್ಲೇ ಬಹಳ ಜನ ಎಡವುತ್ತಾರೆ. ದ್ವೀಪಗಳ ಹೊರ ತುದಿ ಜೋಡಿಸುವ ಬೇಸ್‌ಲೈನ್ ದಾಟಿದ ಮೇಲೆ ಅಂದುಕೊಂಡು, ಅದಕ್ಕೂ ಮುಂಚಿನ 12 ಮೈಲಿಗೆ ಹಳದಿ ಹಚ್ಚುತ್ತಾರೆ. ಸೀ ಲೇನ್ ಹಕ್ಕು ಪಕ್ಕದ ಪ್ರಾದೇಶಿಕ ಸಮುದ್ರವನ್ನೂ ಸೇರಿಸಿಕೊಂಡೇ ಬರುತ್ತದೆ. ಆದ್ದರಿಂದ ಬಾಲಿಯ ದಕ್ಷಿಣದಲ್ಲಿ 12 ಮೈಲಿ ಗೆರೆ ದಾಟಿದ ಕೂಡಲೇ ನೀಲಿ, ಉತ್ತರದಲ್ಲಿ ವಿಶೇಷ ಆರ್ಥಿಕ ವಲಯಕ್ಕೆ ಹೊರಬೀಳುವವರೆಗೂ ನೀಲಿ. ಎರಡು ಕೊನೆಯನ್ನೂ ಪ್ಲಾನ್‌ನಲ್ಲಿ ವೇಪಾಯಿಂಟ್ ಮಾಡಿ ಇಡಿ. ಬಣ್ಣ ಬದಲಾಗುವ ಗೆರೆಗೆ ಎಷ್ಟು ಮುಂಚೆ ಅಲಾರಂ ಹೊಡೆಯಬೇಕು ಎಂಬ ಲೆಕ್ಕ ಮಾತ್ರ ನನ್ನ ಹತ್ತಿರವೇ ಇರಲಿ.

ಲೇನ್‌ನ ನಡುಗೆರೆಯಿಂದ ಎರಡೂ ಬದಿಗೆ 25 ನಾಟಿಕಲ್ ಮೈಲಿ ಸರಿಯಬಹುದು ಎಂಬುದು ಎಲ್ಲರಿಗೂ ಗೊತ್ತು. ಅದರ ಜೊತೆಗಿರುವ ಶೇಕಡಾ 10ರ ಮಾತು ಕೈಬಿಟ್ಟುಹೋಗುತ್ತದೆ. ಲೇನ್‌ನ ಎರಡು ಬದಿಯ ದ್ವೀಪಗಳ ಅತಿ ಹತ್ತಿರದ ಬಿಂದುಗಳ ನಡುವೆ ಎಷ್ಟು ದೂರವೋ, ಅದರ ಹತ್ತನೇ ಒಂದಕ್ಕಿಂತ ಹತ್ತಿರ ದಡಕ್ಕೆ ಹೋಗುವಂತಿಲ್ಲ. ಲೊಂಬೊಕ್ ಜಲಸಂಧಿಯ ದಕ್ಷಿಣ ಬಾಯಿ, ನುಸಾ ಪೆನಿಡಾ ಮತ್ತು ಲೊಂಬೊಕ್ ನಡುವೆ, ಸುಮಾರು 20 ಕಿಲೋಮೀಟರ್. ಅಂದರೆ ದಡದಿಂದ 2 ಕಿಲೋಮೀಟರ್ ಬಿಡಬೇಕು, 25 ಮೈಲಿಯ ಮಾತಿಗೆ ಅಲ್ಲಿ ಅರ್ಥವೇ ಇಲ್ಲ. 2020ರ ಜುಲೈನಿಂದ ಅಲ್ಲಿ ಎದುರುಬದುರು ಸಂಚಾರವನ್ನು ಬೇರ್ಪಡಿಸುವ ಟಿಎಸ್‌ಎಸ್ ಜಾರಿಯಲ್ಲಿರುವುದರಿಂದ ಅದರ ಲೇನ್ ಹಿಡಿದು ಹೋದರೆ ಈ ಲೆಕ್ಕ ಹೆಚ್ಚಾಗಿ ತಾನೇ ಸರಿಹೋಗುತ್ತದೆ. ಆದರೆ ಟಿಎಸ್‌ಎಸ್ ಬಂದ ಮಾತ್ರಕ್ಕೆ ಬಣ್ಣ ಬದಲಾಗುವುದಿಲ್ಲ, ಅದು ಡಿಕ್ಕಿ ತಪ್ಪಿಸುವ ಏರ್ಪಾಡು, ಹಕ್ಕು ನೀಲಿಯೇ. ಮಕಾಸ್ಸಾರ್‌ನಲ್ಲಿ ಜಾಗ ಅಗಲ. ಅಲ್ಲಿ ನಡುಗೆರೆ, 25 ಮೈಲಿ ಗೆರೆ, 10 ಶೇಕಡಾ ಗೆರೆ ಮೂರನ್ನೂ ಎಳೆದು, ಒಳಗಿನದನ್ನೇ ಮಿತಿಯಾಗಿ ಹಿಡಿಯುತ್ತೇನೆ.

ದಾರಿಯಲ್ಲಿ ಫೈರಿಂಗ್ ಅಭ್ಯಾಸದ ಎಚ್ಚರಿಕೆ ಬಂತು ಅನ್ನಿ. ಹಳದಿಯಲ್ಲಿ ಕರಾವಳಿ ದೇಶ ತನ್ನ ಭದ್ರತೆಗಾಗಿ, ಮೊದಲೇ ಪ್ರಕಟಿಸಿ, ಯಾರಿಗೂ ಭೇದ ಮಾಡದೆ, ನಿಗದಿತ ಜಾಗವನ್ನು ತಾತ್ಕಾಲಿಕವಾಗಿ ಮುಚ್ಚಬಹುದು. ದ್ವೀಪಸಮೂಹದ ಒಳಗಿನ ಇನೊಸೆಂಟ್ ಪ್ಯಾಸೇಜ್‌ಗೂ ಇದೇ ನಿಯಮ. ನೀಲಿ ಮತ್ತು ಹಸಿರಿನಲ್ಲಿ ಅಪಾಯವಿದೆ ಎಂದು ತಿಳಿಸಬಹುದೇ ಹೊರತು ಮುಚ್ಚುವಂತಿಲ್ಲ. ಹಾಗೆಂದು ಗುಂಡು ಹಾರುವ ಕಡೆ ಹಕ್ಕು ಸಾಧಿಸಲು ಹೋಗುವವನು ಹುಚ್ಚ. 25 ಮೈಲಿಯ ಒಳಗೇ ಸುತ್ತಿಹಾಕಿ ಹೋದರೆ ಹಕ್ಕೂ ಉಳಿಯುತ್ತದೆ, ಹಡಗೂ ಉಳಿಯುತ್ತದೆ.

ಇನ್ನು ಬಾಡಿಗೆದಾರರ ಹೊಸ ಆರ್ಡರ್. ಮಕಾಸ್ಸಾರ್ ಮಧ್ಯದಲ್ಲಿ "ಬಾಲಿಕ್‌ಪಾಪನ್‌ಗೆ ಹೋಗಿ" ಅಂದರೆ ನೀಲಿ ಅಲ್ಲಿಗೇ ಮುಗಿಯಿತು. ಸೀ ಲೇನ್ ಹಕ್ಕು ಇರುವುದು ಒಂದು ಕಡೆಯ ಮುಕ್ತ ಸಮುದ್ರ ಅಥವಾ ಆರ್ಥಿಕ ವಲಯದಿಂದ ಇನ್ನೊಂದು ಕಡೆಗೆ ದಾಟಿಹೋಗಲು ಮಾತ್ರ. ಬಂದರಿಗೆ ತಿರುಗಿದ ಹಡಗು ಹಳದಿ. "ಜಾವಾ ಸಮುದ್ರದ ಮೂಲಕ ಪಶ್ಚಿಮಕ್ಕೆ, ಸಿಂಗಾಪುರಕ್ಕೆ" ಅಂದರೆ ತಲೆನೋವು ಜಾಸ್ತಿ, ಪೂರ್ವ-ಪಶ್ಚಿಮ ಲೇನ್ ಗೊತ್ತುಮಾಡಿಲ್ಲ. ಗೊತ್ತುಮಾಡಿರುವುದು ಭಾಗಶಃ ಆದ್ದರಿಂದ ಮಾಮೂಲಿ ಅಂತರರಾಷ್ಟ್ರೀಯ ದಾರಿಗಳಲ್ಲೂ ಲೇನ್ ಹಕ್ಕು ಇದೆ ಎಂದು ಅಮೆರಿಕ, ಆಸ್ಟ್ರೇಲಿಯಾದಂಥ ದೇಶಗಳ ವಾದ. ಇಂಡೋನೇಷ್ಯಾ ಇದನ್ನು ಒಪ್ಪುವುದಿಲ್ಲ. ವಾಣಿಜ್ಯ ಹಡಗು ಈ ಜಗಳದಲ್ಲಿ ತಲೆ ಹಾಕಬೇಕಿಲ್ಲ. ಹಳದಿ ಹಚ್ಚಿ, ಹಳದಿಯ ಶಿಸ್ತಿನಲ್ಲಿ ಹೋದರೆ ಒಂದು ಡಾಲರ್ ಕೂಡ ಹೆಚ್ಚು ಖರ್ಚಿಲ್ಲ.

ಹಣ ಹೋಗುವುದು ಸಿಂಗಾಪುರ ಜಲಸಂಧಿಯ ಪೂರ್ವ ಬಾಯಲ್ಲಿ. ಜಲಸಂಧಿ ಹಸಿರು, ಹಾದುಹೋಗುವವನಿಗೆ ಯಾರೂ ಅಡ್ಡ ಬರುವಂತಿಲ್ಲ. ಆದರೆ ತಡಮಾಡದೆ ಸಾಗುವುದು ಆ ಹಕ್ಕಿನ ಶರತ್ತು. ಮುಂದಿನ ಆರ್ಡರ್‌ಗೆ ಕಾಯುತ್ತಾ "ಬಂದರು ಮಿತಿಯ ಹೊರಗಿದ್ದೇವೆ" ಎಂದು ಬಿಂಟಾನ್ ಕಡೆ ಲಂಗರು ಇಳಿಸುತ್ತಾರೆ. ಅದು ಸಿಂಗಾಪುರದ ಬಂದರು ಮಿತಿಯ ಹೊರಗೆ ನಿಜ, ಇಂಡೋನೇಷ್ಯಾದ ಪ್ರಾದೇಶಿಕ ಸಮುದ್ರದ ಒಳಗೆ ಎಂಬುದೂ ನಿಜ. ಯಂತ್ರ ಕೆಟ್ಟರೆ, ಹವಾಮಾನ ಒತ್ತಾಯಿಸಿದರೆ, ಅಪಾಯದಲ್ಲಿದ್ದವರಿಗೆ ನೆರವಾಗಬೇಕಾದರೆ ನಿಲ್ಲಬಹುದು. ಆರ್ಡರ್ ಬಂದಿಲ್ಲ ಎಂಬುದು ಆ ಪಟ್ಟಿಯಲ್ಲಿಲ್ಲ. 2021ರಲ್ಲಿ ಹೀಗೆ ನಿಂತ ಹಲವು ಹಡಗುಗಳನ್ನು ಇಂಡೋನೇಷ್ಯಾ ನೌಕಾಪಡೆ ತಡೆಹಿಡಿದದ್ದು ಸುದ್ದಿಯಾಗಿತ್ತು. ದಿನದ ಬಾಡಿಗೆ 15 ಸಾವಿರ ಡಾಲರ್ ಅಂದುಕೊಂಡರೂ ಎರಡು ವಾರಕ್ಕೆ 2 ಲಕ್ಷ 10 ಸಾವಿರ. ಲಂಗರು ಶುಲ್ಕ ಉಳಿಸಲು ಹೋಗಿ ಆಗುವ ನಷ್ಟ ಇದು. ಅಲ್ಲಿ ನನ್ನ ಲೇಯರ್‌ನಲ್ಲಿ ಅಡ್ಡಗೆರೆ ಎಳೆದ ಪಟ್ಟಿ ಇದೆ: ಸಾಗು, ನಿಲ್ಲಬೇಡ.

ಹೊರಗಿನ ಒಂದು ಪ್ರಯೋಗವಾಗಿ ಇದನ್ನೇ ಇಟಲಿ ಮತ್ತು ಸಿಸಿಲಿ ನಡುವಿನ ಮೆಸ್ಸೀನಾ ಜಲಸಂಧಿಗೆ ಹಾಕಿ ನೋಡಿದೆ. ಸಿಸಿಲಿ ಇಟಲಿಯದೇ ದ್ವೀಪ, ಅದರ ಹೊರಗಡೆ ಅಷ್ಟೇ ಅನುಕೂಲದ ಸಮುದ್ರಮಾರ್ಗ ಇದೆ, ಆದ್ದರಿಂದ ಅಲ್ಲಿ ಟ್ರಾನ್ಸಿಟ್ ಹಕ್ಕಿಲ್ಲ. ಇರುವುದು ಇನೊಸೆಂಟ್ ಪ್ಯಾಸೇಜ್, ಆದರೆ ಮುಚ್ಚಲಾಗದ ಬಗೆಯದು. ಮೂರು ಬಣ್ಣದಲ್ಲಿ ಕೂರಲಿಲ್ಲ, ಹಳದಿಗೆ ಹಸಿರು ಅಂಚು ಕೊಟ್ಟೆ. ಬಾಸ್ಫರಸ್‌ಗೆ ಬಣ್ಣವನ್ನೇ ಹಚ್ಚಲಿಲ್ಲ, ಅಲ್ಲಿ 1936ರ ಮಾಂಟ್ರೋ ಒಪ್ಪಂದವೇ ಈಗಲೂ ನಡೆಯುತ್ತದೆ.

ಬಂದ್ ಇಡುವ ಕಾಲಂನಲ್ಲಿ ಎರಡೇ ಸಾಮಾನು ಪದೇಪದೇ ಬರುತ್ತವೆ. ಒಂದು, ಆಳದ ಅಳತೆಯನ್ನು ಉಳಿಸಿಟ್ಟು ಹೊರಗೆ ಕಳಿಸುವ ಲಾಗರ್. ಎಕೋ ಸೌಂಡರ್ ನೋಡುತ್ತಾ ಸಾಗುವುದು ನೌಕಾಯಾನ, ಅದಕ್ಕೆ ಯಾರ ತಕರಾರೂ ಇಲ್ಲ. ಆ ದತ್ತಾಂಶವನ್ನು ಕೂಡಿಟ್ಟು ನಕ್ಷೆಗೆ ಕೊಟ್ಟರೆ ಸರ್ವೆ ಎಂಬ ಆಕ್ಷೇಪ ಬರಬಹುದು. ಹಳದಿಯಲ್ಲಿ ಸರ್ವೆ ಮಾಡಿದ ಹಡಗು ನಿರುಪದ್ರವಿ ಎನಿಸಿಕೊಳ್ಳುವುದಿಲ್ಲ, ಹಸಿರು-ನೀಲಿಯಲ್ಲಿ ಮೊದಲೇ ಅನುಮತಿ ಬೇಕು. ಮೂರರಲ್ಲೂ ಲಾಗರ್ ಆಫ್, ಆಫ್ ಮಾಡಿದ ಸಮಯ ಲಾಗ್‌ಬುಕ್‌ನಲ್ಲಿ. ಎರಡು, ಸರಕಿನ ಹೋಲ್ಡ್ ನೋಡಲು ಇಟ್ಟಿರುವ ಡ್ರೋನ್. ಹಳದಿಯಲ್ಲಿ ವಿಮಾನ ಹಾರಿಸುವುದು, ಇಳಿಸಿಕೊಳ್ಳುವುದು ನಿಷೇಧದ ಪಟ್ಟಿಯಲ್ಲೇ ಇದೆ, ಡ್ರೋನ್ ವಿಮಾನವೇ ಎಂಬ ವಾದ ದಡ ಸೇರಿದ ಮೇಲೆ ಮಾಡಬಹುದು. ಯುದ್ಧನೌಕೆಗೆ ಹಸಿರಿನಲ್ಲಿ ಹೆಲಿಕಾಪ್ಟರ್ ಹಾರಿಸುವುದು ಅದರ ಮಾಮೂಲಿ ರೀತಿ ಅನ್ನಿಸಿಕೊಳ್ಳುತ್ತದೆ, ಬಲ್ಕರ್‌ಗೆ ಆ ಮಾತು ಹೇಳಿ ಗೆಲ್ಲುವುದು ಕಷ್ಟ. ಬಣ್ಣ ಮುಗಿದು ಆರ್ಥಿಕ ವಲಯದ ಬಿಳಿ ಬರುವವರೆಗೆ ಡ್ರೋನ್‌ನ ಬ್ಯಾಟರಿ ಚೀಫ್ ಆಫೀಸರ್ ಬೀರುವಿನಲ್ಲಿ ಇರುತ್ತದೆ.