ಸಿಟ್ಟಿನ ಗ್ರಾಹಕನ ಮಾತಿಗಿಂತ ಮೊದಲು ಅವನ ದೂರನ್ನು ಬರೆದುಕೊಂಡೆ: ಬ್ಯಾಂಕ್ ತರಬೇತಿ ವಿಡಿಯೊದ ಅನುಭವ

ಸಿಟ್ಟಿಗೆದ್ದ ಗ್ರಾಹಕರೊಡನೆ ಹೇಗೆ ವ್ಯವಹರಿಸಬೇಕೆಂಬುದನ್ನು ಕೌಂಟರ್ ಸಿಬ್ಬಂದಿಗೆ ಕಲಿಸುವ ವಿಡಿಯೊವನ್ನು ಚಿಕ್ಕ ಅಭಿನಯದ ದೃಶ್ಯಗಳಲ್ಲೇ ಮುಗಿಸುತ್ತೇನೆ, ನಿರೂಪಕರು ಬೇಕಿಲ್ಲ ಎಂದು ನಾನು ಹೇಳಿದಾಗ ತರಬೇತಿ ವಿಭಾಗದವರಾಗಲಿ ನಿರ್ಮಾಪಕರಾಗಲಿ ಒಪ್ಪಲಿಲ್ಲ. ಸಿಬ್ಬಂದಿ ಅದನ್ನು ನಾಟಕವೆಂದು ನೋಡಿ ನಕ್ಕು ಎದ್ದುಹೋಗುತ್ತಾರೆ ಎಂಬುದು ಒಬ್ಬರ ವಾದವಾದರೆ, ಬ್ಯಾಂಕಿನ ಲೋಪವನ್ನು ಬ್ಯಾಂಕೇ ಹಣ ಕೊಟ್ಟು ಚಿತ್ರೀಕರಿಸಿಕೊಳ್ಳಬೇಕೇ ಎಂಬುದು ಇನ್ನೊಬ್ಬರ ಪ್ರಶ್ನೆಯಾಗಿತ್ತು. ಈಗ ಅದೇ ದೃಶ್ಯಗಳನ್ನು ಶಾಖೆಗಳವರು ಹೆಸರು ಹಿಡಿದು ಕೇಳಿ ತರಿಸಿಕೊಳ್ಳುತ್ತಿದ್ದಾರಾದ್ದರಿಂದ, ಅವುಗಳನ್ನು ಬರೆದ ಬಗೆಯನ್ನು ಇದೇ ಕೆಲಸದಲ್ಲಿರುವವರಿಗಾಗಿ ದಾಖಲಿಸುತ್ತಿದ್ದೇನೆ.

ನನಗಿಂತ ಮೊದಲು ಬ್ಯಾಂಕಿನವರು ಮಾಡಿಸಿದ್ದ ವಿಡಿಯೊವನ್ನು ನೀವೂ ಎಲ್ಲೋ ನೋಡಿರುತ್ತೀರಿ. ಗ್ರಾಹಕ ಬಾಗಿಲಲ್ಲೇ ಕೂಗುತ್ತ ಬರುತ್ತಾನೆ, ಮೇಜು ಗುದ್ದುತ್ತಾನೆ. ಕೌಂಟರಿನವರು ಮುಗುಳ್ನಕ್ಕು "ನಿಮ್ಮ ತೊಂದರೆ ನನಗೆ ಅರ್ಥವಾಗುತ್ತದೆ" ಎನ್ನುತ್ತಾರೆ. ಅರ್ಧ ನಿಮಿಷದಲ್ಲಿ ಅವನು ತಣ್ಣಗಾಗಿ ಧನ್ಯವಾದ ಹೇಳಿ ಹೋಗುತ್ತಾನೆ. ವರ್ಷಗಟ್ಟಲೆ ಕೌಂಟರಿನಲ್ಲಿ ಕುಳಿತವರು ಇದನ್ನು ನಂಬುವುದಿಲ್ಲ, ಏಕೆಂದರೆ ಆ ವಾಕ್ಯವನ್ನು ಹೇಳಿದಾಗಲೇ ಗ್ರಾಹಕ ಇನ್ನಷ್ಟು ಕೆರಳಿದ್ದನ್ನು ಅವರು ಕಂಡಿರುತ್ತಾರೆ. ಇದಕ್ಕೆ ಪರಿಹಾರವೆಂದು ನಾನು ಮೊದಲು ಹಾಸ್ಯದ ದಾರಿ ಹಿಡಿದು ನೋಡಿದೆ. ಬ್ರಿಟಿಷ್ ಹಾಸ್ಯನಟ ಜಾನ್ ಕ್ಲೀಸ್ ಮತ್ತು ಸಂಗಡಿಗರು 1972ರಲ್ಲಿ ಆರಂಭಿಸಿದ ವಿಡಿಯೊ ಆರ್ಟ್ಸ್ ಸಂಸ್ಥೆ ತಪ್ಪು ನಡವಳಿಕೆಯನ್ನು ನಗೆಯಾಗಿಸಿ ತರಬೇತಿ ಚಿತ್ರಗಳಿಗೆ ದೊಡ್ಡ ಮಾರುಕಟ್ಟೆ ಕಟ್ಟಿತ್ತಾದ್ದರಿಂದ, ಆ ಧಾಟಿಯಲ್ಲಿ ಉಡಾಫೆಯ ಗುಮಾಸ್ತನೊಬ್ಬನನ್ನು ಸೃಷ್ಟಿಸಿ ಎರಡು ದೃಶ್ಯ ಬರೆದೆ. ಓದಿಸಿದಾಗ ಕೋಣೆಯೆಲ್ಲ ನಕ್ಕಿತು, ಮತ್ತು ನಕ್ಕವರೆಲ್ಲ "ನಾವಂತೂ ಹೀಗಿಲ್ಲ" ಎಂದರು. ತಪ್ಪು ಮಾಡುವವನು ಮೂರ್ಖನಾಗಿ ಕಂಡರೆ ನೋಡುವವರು ತಮ್ಮನ್ನು ಅವನ ಜಾಗದಲ್ಲಿ ಇಟ್ಟುಕೊಳ್ಳುವುದಿಲ್ಲ. ಹಾಗಾಗಿ ಆ ಎರಡೂ ದೃಶ್ಯಗಳನ್ನು ಕೈಬಿಟ್ಟೆ, ಅವುಗಳ ಶ್ರಮಕ್ಕೆ ಯಾರೂ ಹಣ ಕೊಡಲಿಲ್ಲ.

ಆಮೇಲೆ ಕ್ರಮವನ್ನೇ ತಿರುಗಿಸಿದೆ. ಸಂಭಾಷಣೆಗೆ ಕೈಹಾಕುವ ಮೊದಲು ಆ ದೂರಿನ ಕಡತವನ್ನು ಒಂದು ಪುಟದಲ್ಲಿ ಬರೆದುಕೊಳ್ಳುತ್ತೇನೆ: ಹಣ ಎಲ್ಲಿಂದ ಹೊರಟಿತು, ಎಲ್ಲಿ ನಿಂತಿತು, ಗ್ರಾಹಕ ಈವರೆಗೆ ಯಾರ ಬಳಿ ಹೋಗಿದ್ದಾನೆ, ಅವರು ಏನು ಹೇಳಿ ಕಳುಹಿಸಿದರು, ಇವತ್ತು ಈ ಕೌಂಟರಿನವರ ಪರದೆಯ ಮೇಲೆ ಏನು ಕಾಣುತ್ತದೆ, ಏನು ಕಾಣುವುದಿಲ್ಲ. ಕೊನೆಯದೇ ಮುಖ್ಯ. ಸಿಟ್ಟು ಹೆಚ್ಚಾಗಿ ಹೊತ್ತಿಕೊಳ್ಳುವುದು ಗ್ರಾಹಕನಿಗೆ ಗೊತ್ತಿರುವ ಸಂಗತಿಗೂ ಸಿಬ್ಬಂದಿಯ ಪರದೆ ಹೇಳುವ ಸಂಗತಿಗೂ ತಾಳೆಯಾಗದ ಜಾಗದಲ್ಲಿ.

ಶಾಖೆಗಳಲ್ಲಿ ಈಗ ಎಲ್ಲರೂ ಕೇಳುವ ಎಟಿಎಂ ದೃಶ್ಯವನ್ನೇ ಉದಾಹರಣೆಗೆ ತೆಗೆದುಕೊಳ್ಳುತ್ತೇನೆ. ಯಂತ್ರದಿಂದ ನೋಟು ಬಂದಿಲ್ಲ, ಖಾತೆಯಿಂದ ಹಣ ಕಡಿತವಾಗಿದೆ, ಗ್ರಾಹಕ ಮೂರನೆಯ ಬಾರಿ ಬಂದಿದ್ದಾನೆ. ಕೌಂಟರಿನವರಿಗೆ ಸಾಮಾನ್ಯವಾಗಿ ಕಾಣುವುದು ಖಾತೆಯ ಕಡಿತದ ನಮೂದು ಮಾತ್ರ. ನೋಟು ನಿಜವಾಗಿ ಹೊರಬಂದಿತೇ ಎಂಬುದಕ್ಕೆ ಪ್ರತಿ ವಹಿವಾಟನ್ನೂ ಯಂತ್ರವೇ ದಾಖಲಿಸಿಡುವ ಎಲೆಕ್ಟ್ರಾನಿಕ್ ಜರ್ನಲ್ ನೋಡಬೇಕು, ಯಂತ್ರದೊಳಗಿನ ನಗದನ್ನು ಎಣಿಸಿ ಹೆಚ್ಚುವರಿ ಇದೆಯೇ ಎಂದು ತಾಳೆ ಹಾಕಬೇಕು, ಇದನ್ನು ಮಾಡುವವರು ಬೇರೆ ವಿಭಾಗದವರು. ಇಷ್ಟು ಬರೆದುಕೊಂಡರೆ ಸಿಟ್ಟೆಬ್ಬಿಸುವ ತಪ್ಪು ಸಾಲು ತಾನಾಗಿಯೇ ಸಿಗುತ್ತದೆ. ದೃಶ್ಯವನ್ನು ಎರಡು ಸಲ ತೋರಿಸುತ್ತೇನೆ, ಒಮ್ಮೆ ಆ ತಪ್ಪು ಸಾಲಿನೊಂದಿಗೆ, ಒಮ್ಮೆ ಸರಿಯಾಗಿ. ನನ್ನ ದೃಶ್ಯದ ತಪ್ಪು ಆವೃತ್ತಿಯಲ್ಲಿ ಗುಮಾಸ್ತೆ ಒರಟಾಗಿಲ್ಲ, ದನಿ ಮೃದುವಾಗಿದೆ, ನಿಯಮ ಮೀರಿಲ್ಲ.

"ಮೇಡಂ, ಇದು ಮೂರನೇ ಸಲ ಬರ್ತಿರೋದು. ನನ್ನ ದುಡ್ಡು ಏನಾಯ್ತು?"
"ಒಂದ್ನಿಮಿಷ ಸರ್, ನೋಡ್ತೀನಿ... ಸರ್, ಸಿಸ್ಟಂನಲ್ಲಿ ವಹಿವಾಟು ಯಶಸ್ವಿ ಅಂತಾನೇ ತೋರಿಸ್ತಿದೆ."
"ಅಂದ್ರೆ ದುಡ್ಡು ತಗೊಂಡು ಬಂದು ಸುಳ್ಳು ಹೇಳ್ತಿದೀನಾ?"

ಗುಮಾಸ್ತೆ ಪರದೆಯಲ್ಲಿ ಇದ್ದುದನ್ನು ಇದ್ದಂತೆಯೇ ಓದಿದ್ದಾಳೆ. ಆದರೆ ಆ ಕಡೆಯಿಂದ ಕೇಳುವವನಿಗೆ ಅದು ಆರೋಪವಾಗಿ ಕೇಳಿಸುತ್ತದೆ. ಸರದಿಯಲ್ಲಿ ನಿಂತವರು ಇತ್ತ ತಿರುಗುತ್ತಾರೆ, ಅವನ ದನಿ ಏರುತ್ತದೆ, ಆಕೆ "ಮೆಲ್ಲಗೆ ಮಾತಾಡಿ ಸರ್" ಎನ್ನುತ್ತಾಳೆ, ಅಲ್ಲಿಗೆ ದೃಶ್ಯ ಕಡಿದುಹೋಗುತ್ತದೆ. ಒಟ್ಟು ಒಂದೂವರೆ ನಿಮಿಷದೊಳಗೆ. ಇನ್ನೂ ಮುಂದುವರಿಸಿ ವ್ಯವಸ್ಥಾಪಕರ ಕೋಣೆಯವರೆಗೆ ಜಗಳವನ್ನು ಒಯ್ದ ಒಂದು ಕರಡೂ ಇತ್ತು. ಆದರೆ ಜಗಳ ಬೆಳೆದಷ್ಟೂ ನೋಡುವವರ ಗಮನ ಅದು ಹುಟ್ಟಿದ ಸಾಲಿನಿಂದ ದೂರ ಸರಿಯುತ್ತದೆ.

ದೃಶ್ಯ ಕೆಲಸ ಮಾಡುತ್ತದೆಯೇ ಎಂದು ಚಿತ್ರೀಕರಣಕ್ಕೆ ಮೊದಲೇ ತಿಳಿಯಲು ನನಗೆ ಒಂದೇ ಪರೀಕ್ಷೆ ಸಾಕು. ಐದಾರು ಮಂದಿ ಕೌಂಟರ್ ಸಿಬ್ಬಂದಿಯ ಮುಂದೆ ಗಟ್ಟಿಯಾಗಿ ಓದಿಸಿ, ಗ್ರಾಹಕನ ಸಿಟ್ಟು ಯಾವ ಸಾಲಿಗೆ ಏರಿತು ಎಂದು ಒಬ್ಬೊಬ್ಬರೂ ಬೇರೆಬೇರೆಯಾಗಿ ಗುರುತು ಹಾಕುವಂತೆ ಕೇಳುತ್ತೇನೆ. ಬಹುತೇಕರ ಗುರುತು ಒಂದೇ ಸಾಲಿನ ಮೇಲೆ ಬಿದ್ದರೆ ದೃಶ್ಯ ಗೆದ್ದಿತು. ಗುರುತುಗಳು ಚದುರಿದರೆ ತಪ್ಪುಗಳನ್ನು ಹೆಚ್ಚು ತುಂಬಿದ್ದೇನೆ ಎಂದರ್ಥ. "ಅವನು ಬರುವಾಗಲೇ ಸಿಟ್ಟಿನಲ್ಲಿದ್ದ" ಎಂದು ಅವರು ಹೇಳಿದರೆ ಗ್ರಾಹಕನ ಮೊದಲ ಮಾತನ್ನು ತಗ್ಗಿಸಿ ಮತ್ತೆ ಬರೆಯಬೇಕು. ಎಟಿಎಂ ದೃಶ್ಯದ ಮೊದಲ ಕರಡು ಇದೇ ಪರೀಕ್ಷೆಯಲ್ಲಿ ಬಿದ್ದಿತ್ತು. ಗ್ರಾಹಕನ ಮೊದಲ ಸಾಲಿನಲ್ಲಿದ್ದ ಬೈಗುಳವೊಂದನ್ನು ತೆಗೆದ ಮೇಲೆ ಗುರುತುಗಳೆಲ್ಲ "ಯಶಸ್ವಿ" ಎಂಬ ಸಾಲಿಗೆ ಬಂದು ಸೇರಿದವು. ಅಂದಹಾಗೆ, ಸಿಬ್ಬಂದಿಯಿಂದ ಇಂತಹ ನಿಜವಾದ ಸಾಲುಗಳನ್ನು ಹೊರಡಿಸಲು ನಾನು ಕೇಳುವ ಪ್ರಶ್ನೆಯೊಂದಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ನನ್ನ ಮುಂದಿನ ಗುತ್ತಿಗೆಗಳು ಅದರ ಮೇಲೆಯೇ ನಿಂತಿವೆ.

ಸರಿಯಾದ ಆವೃತ್ತಿ ಬರೆಯುವುದು ಇದಕ್ಕಿಂತ ಕಷ್ಟ, ಏಕೆಂದರೆ ಅಲ್ಲಿ ನಿಯಮ ಮೀರದಂತೆ ನೋಡಿಕೊಳ್ಳುವ ಅನುಪಾಲನಾ ವಿಭಾಗದ ಕಣ್ಣು ಇರುತ್ತದೆ. ನಾನು ಮೊದಲು ಬರೆದ "ನಿಮ್ಮ ಹಣ ವಾಪಸ್ ಬಂದೇ ಬರುತ್ತೆ ಸರ್" ಎಂಬ ಸಾಲನ್ನು ಅವರು ಹೊಡೆದು ಹಾಕಿದರು, ಮತ್ತು ಅದು ನ್ಯಾಯವೇ ಆಗಿತ್ತು. ಜರ್ನಲ್ ನೋಡದೆ ಯಾರೂ ಹಾಗೆ ಮಾತು ಕೊಡಬಾರದು. ಆದರೆ ಅದರ ಜಾಗದಲ್ಲಿ ಅವರು ಸೂಚಿಸಿದ "ಉಂಟಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ" ಎಂಬುದನ್ನು ಯಾವ ನಟಿಯ ಬಾಯಲ್ಲೂ ಮನುಷ್ಯರ ಮಾತಾಗಿಸಲು ಆಗದು. ಕೊನೆಗೆ ನಾನು ಹಿಡಿದ ದಾರಿ, ಫಲಿತಾಂಶದ ಭರವಸೆಯನ್ನು ಬಿಟ್ಟು, ಮುಂದೆ ನಡೆಯುವ ಕೆಲಸದ ಭರವಸೆಯನ್ನು ಮಾತ್ರ ಬರೆಯುವುದು:

"ಖಾತೆಯಿಂದ ಹಣ ಹೋಗಿದೆ, ನಿಮ್ಮ ಕೈಗೆ ಬಂದಿಲ್ಲ, ಮೂರು ಸಲ ಬಂದ್ರೂ ಯಾರೂ ಏನಾಯ್ತು ಅಂತ ಹೇಳಿಲ್ಲ. ಅಲ್ವಾ ಸರ್?"
"ಹೌದು."
"ನೋಟು ಹೊರಗೆ ಬಂತೋ ಇಲ್ವೋ ಅನ್ನೋದು ನನ್ನ ಪರದೆಯಲ್ಲಿ ಗೊತ್ತಾಗಲ್ಲ. ಅದು ಯಂತ್ರದ ದಾಖಲೆಯಲ್ಲಿರತ್ತೆ. ಅದನ್ನ ತೆಗೆಸೋಕೆ ಈಗಲೇ ದೂರು ದಾಖಲು ಮಾಡ್ತೀನಿ, ಸಂಖ್ಯೆ ಕೊಡ್ತೀನಿ. ಯಾವತ್ತಿನೊಳಗೆ ಉತ್ತರ ಬರಬೇಕು ಅನ್ನೋದನ್ನೂ ಬರೆದು ಕೊಡ್ತೀನಿ."

ಇಲ್ಲಿ ಗ್ರಾಹಕ ನಗುವುದಿಲ್ಲ, ಧನ್ಯವಾದವನ್ನೂ ಹೇಳುವುದಿಲ್ಲ. "ಈ ಸಲನೂ ಆಗ್ಲಿಲ್ಲ ಅಂದ್ರೆ?" ಎಂದು ಕೇಳುತ್ತಾನೆ, ಆಕೆ ಮುಂದೆ ಯಾರ ಬಳಿ ದೂರನ್ನು ಒಯ್ಯಬಹುದು ಎಂಬುದನ್ನು ಹೇಳುತ್ತಾಳೆ. ಅವನು ಚೀಟಿಯನ್ನು ಎರಡು ಸಲ ಓದಿ, ಮಡಿಸಿಟ್ಟುಕೊಂಡು ಹೋಗುತ್ತಾನೆ. ತರಬೇತಿ ವಿಭಾಗದವರು ಕೊನೆಯಲ್ಲಿ ಒಂದು ಮುಗುಳ್ನಗೆಯನ್ನಾದರೂ ಸೇರಿಸಿ ಎಂದು ಬಹಳ ಒತ್ತಾಯಿಸಿದರು. ಸೇರಿಸದೆ ಉಳಿಸಿಕೊಂಡೆ, ಮತ್ತು ಸಿಬ್ಬಂದಿ ಈ ದೃಶ್ಯವನ್ನು ನಂಬಿದ್ದಕ್ಕೆ ಅದೇ ಕಾರಣವೆಂದು ಈಗಲೂ ಹೇಳುತ್ತೇನೆ.

ಪಾತ್ರ ಹಂಚಿಕೆಯಲ್ಲಿ ಹಣ ಉಳಿಸಲು ಹೋಗಿ ಒಂದು ಒಳ್ಳೆಯ ಸಂಗತಿ ಸಿಕ್ಕಿತು. ಬಜೆಟ್ಟಿನ ಹೆಚ್ಚುಕಡಿಮೆ ಅರ್ಧ ಕಲಾವಿದರಿಗೇ ಹೋಗುತ್ತಿದ್ದುದರಿಂದ, ಗುಮಾಸ್ತರ ಪಾತ್ರಗಳನ್ನು ಸಿಬ್ಬಂದಿಯಿಂದಲೇ ಮಾಡಿಸೋಣವೆಂದು ನಿರ್ಮಾಪಕರು ಹೇಳಿದರು. ಅದು ಫಲಿಸಲಿಲ್ಲ. ಮೇಲಧಿಕಾರಿಗಳು ನೋಡುವ ವಿಡಿಯೊದಲ್ಲಿ ತಪ್ಪು ಸಾಲು ಹೇಳಲು ಯಾರಿಗೂ ಮನಸ್ಸಿರಲಿಲ್ಲ, ಹೇಳಿದರೂ ಮಧ್ಯೆ ಒಂದು ಕ್ಷಮೆ ಸೇರಿಸಿಬಿಡುತ್ತಿದ್ದರು. ಆಗ ಪಾತ್ರಗಳನ್ನು ಅದಲುಬದಲು ಮಾಡಿ, ಗುಮಾಸ್ತೆಯಾಗಿ ಕಲಾವಿದೆಯನ್ನೂ ಗ್ರಾಹಕನಾಗಿ ಹಳೆಯ ಕ್ಯಾಷಿಯರ್ ಒಬ್ಬರನ್ನೂ ನಿಲ್ಲಿಸಿದೆ. ಅವರು ಇಷ್ಟು ವರ್ಷ ಕೇಳಿಸಿಕೊಂಡಿದ್ದೆಲ್ಲ ಹೊರಗೆ ಬಂತು, "ಈ ಸಲನೂ ಆಗ್ಲಿಲ್ಲ ಅಂದ್ರೆ?" ಎಂಬ ಸಾಲು ಅವರದೇ, ನಾನು ಬರೆದದ್ದಲ್ಲ. ಕಲಾವಿದರ ಖರ್ಚೂ ಮೂರನೇ ಒಂದು ಭಾಗದಷ್ಟು ಇಳಿಯಿತು.

ಇದರ ನಡುವೆ ಕೆಲವು ಪ್ರಯೋಗಗಳೂ ನಡೆದವು. ಕ್ಯಾಮೆರಾವನ್ನು ಗ್ರಾಹಕನ ಕಣ್ಣಿನ ಜಾಗದಲ್ಲಿಟ್ಟು ಒಂದು ದೃಶ್ಯ ತೆಗೆದೆವು. ಗುಮಾಸ್ತೆ ನೇರವಾಗಿ ನೋಡುವವರನ್ನೇ ನೋಡಿ ಮಾತಾಡಿದಾಗ ಸಿಬ್ಬಂದಿಗೆ ಗ್ರಾಹಕನ ಅನುಭವವಾದೀತೆಂದು ಎಣಿಸಿದ್ದೆ, ಆದರೆ ಸರದಿಯವರು ತಿರುಗಿ ನೋಡುವುದು ಕಾಣದೆ ಹೋದದ್ದರಿಂದ ಸಿಟ್ಟು ಏರುವ ಅರ್ಧ ಕಾರಣವೇ ಕಳೆದುಹೋಯಿತು. ಇನ್ನೊಂದರಲ್ಲಿ, ತಪ್ಪು ಆವೃತ್ತಿಯ ನಂತರ ಚರ್ಚೆಗೆಂದು ಪರದೆಯನ್ನು ಸ್ವಲ್ಪ ಹೊತ್ತು ಖಾಲಿ ಬಿಟ್ಟೆ. ತರಬೇತುದಾರರಿದ್ದ ಕೋಣೆಯಲ್ಲಿ ಅದು ಚೆನ್ನಾಗಿ ನಡೆಯಿತು. ಶಾಖೆಯಲ್ಲಿ ಒಬ್ಬರೇ ನೋಡುವವರು ಮಾತ್ರ ವಿಡಿಯೊ ಕೆಟ್ಟಿತೆಂದು ಮುಚ್ಚಿಬಿಟ್ಟರು. ಹಾಗಾಗಿ ಎರಡು ಆವೃತ್ತಿಗಳನ್ನು ಪ್ರತ್ಯೇಕ ಕಡತಗಳಾಗಿಯೇ ಕೊಟ್ಟೆ. ಶಾಖೆಯ ಕಂಪ್ಯೂಟರುಗಳಲ್ಲಿ ಎಷ್ಟೋ ಕಡೆ ಸ್ಪೀಕರ್ ಇರುವುದಿಲ್ಲವೆಂಬುದೂ ಆಗಲೇ ತಿಳಿದದ್ದು. ಮಾತನ್ನೆಲ್ಲ ಪರದೆಯ ಕೆಳಗೆ ಅಕ್ಷರದಲ್ಲಿ ಕೊಡಬೇಕಾಯಿತು, ಅದಕ್ಕಾಗಿ ಉದ್ದ ಸಾಲುಗಳನ್ನು ಒಡೆಯಬೇಕಾಯಿತು, ಒಡೆದ ಮೇಲೆ ಸಂಭಾಷಣೆಯೇ ಉತ್ತಮವಾಯಿತು.

ಈ ವಿಧಾನ ಎಲ್ಲ ಸಿಟ್ಟಿಗೂ ಹೊಂದುವುದಿಲ್ಲ. ಕೈ ಎತ್ತುವ, ಬೆದರಿಕೆ ಹಾಕುವ ಗ್ರಾಹಕನನ್ನು ಈ ಸರಣಿಯಲ್ಲಿ ಸೇರಿಸಿ ಎಂದು ಕೇಳಿದರು, ನಿರಾಕರಿಸಿದೆ. ಅಲ್ಲಿ ಸಿಬ್ಬಂದಿ ಕಲಿಯಬೇಕಾದದ್ದು ಮಾತನ್ನು ನಿಲ್ಲಿಸಿ ಹಿಂದೆ ಸರಿಯುವುದನ್ನು, ಕಾವಲಿನವರನ್ನು ಕರೆಯುವುದನ್ನು. ಎರಡನ್ನೂ ಒಂದೇ ಸರಣಿಯಲ್ಲಿ ತೋರಿಸಿದರೆ, ಅಪಾಯದ ಹೊತ್ತಿನಲ್ಲೂ ಒಳ್ಳೆಯ ಮಾತಿನಿಂದಲೇ ಗೆಲ್ಲಬೇಕೆಂದು ಸಿಬ್ಬಂದಿ ತಿಳಿದುಕೊಳ್ಳುವ ಸಂಭವವಿದೆ.

ಶುಲ್ಕದ ವಿಚಾರದಲ್ಲಿ ಎರಡು ಸುತ್ತಿನ ತಿದ್ದುಪಡಿಗಳನ್ನು ಮಾತ್ರ ಒಪ್ಪಂದದೊಳಗೆ ಇಟ್ಟಿದ್ದೆ. ಅನುಪಾಲನೆ, ತರಬೇತಿ, ಮಾನವ ಸಂಪನ್ಮೂಲ ಈ ಮೂರೂ ವಿಭಾಗಗಳ ಟಿಪ್ಪಣಿಗಳು ಒಂದೇ ಪ್ರತಿಯಲ್ಲಿ ಒಟ್ಟಾಗಿ ಬರಬೇಕೆಂದೂ ಬರೆಸಿಕೊಂಡಿದ್ದೆ. ಇದಿಲ್ಲದಿದ್ದರೆ ಒಬ್ಬರು ಹೊಡೆದದ್ದನ್ನು ಇನ್ನೊಬ್ಬರು ಸೇರಿಸುತ್ತ ಕೂರುತ್ತಾರೆ. ಇನ್ನೊಂದು, ದೂರಿಗೆ ಉತ್ತರಿಸುವ ಅವಧಿ ಎಷ್ಟು ದಿನವೆಂಬ ಸಂಖ್ಯೆಯನ್ನು ಯಾವ ಪಾತ್ರದ ಬಾಯಲ್ಲೂ ಇಡಲಿಲ್ಲ. ಆಕೆ "ಬರೆದು ಕೊಡ್ತೀನಿ" ಎನ್ನುತ್ತಾಳೆ, ದಿನಗಳ ಸಂಖ್ಯೆ ಪರದೆಯ ಮೇಲೆ ಅಕ್ಷರವಾಗಿ ಮೂಡುತ್ತದೆ. ವಿಡಿಯೊ ಬಂದ ಸ್ವಲ್ಪ ಕಾಲದಲ್ಲೇ ಅವಧಿ ಬದಲಾಯಿತು. ಮರುಚಿತ್ರೀಕರಣಕ್ಕೆ ಎಷ್ಟು ಬೇಕಾದೀತು ಎಂದು ಅವರು ಗಾಬರಿಯಿಂದ ಕೇಳಿದಾಗ, ಅಕ್ಷರವಷ್ಟನ್ನೇ ಬದಲಿಸಿ ಅರ್ಧ ದಿನದ ಕೆಲಸದ ಬಿಲ್ ಕಳುಹಿಸಿದೆ.