ಎಕ್ಸೆಲ್ ಶೀಟಿನಲ್ಲಿ ಮೊತ್ತ ಮಾಯವಾಗಿ ಬರೀ ಫಾರ್ಮುಲಾ ಕಾಣಿಸುತ್ತಿದೆಯೇ?

ಮಾಟುಂಗಾದ ಒಂದು ಉಡುಪಿ ಹೋಟೆಲಿನ ಖರೀದಿ ಲೆಕ್ಕ ಎಂದಿಟ್ಟುಕೊಳ್ಳಿ. ಉದ್ದಿನ ಬೇಳೆ 25 ಕಿಲೋ, ದರ 130. ದೋಸೆ ಅಕ್ಕಿ 50 ಕಿಲೋ, ದರ 45. ಕೊಬ್ಬರಿ ಎಣ್ಣೆ 15 ಲೀಟರ್, ದರ 250. ಒಟ್ಟು ₹9,250. ಅಂಗಡಿಯವರ ರಿಯಾಯಿತಿ 2%. ಅದನ್ನು ಕಳೆದರೆ ಕೊಡಬೇಕಾದದ್ದು ₹9,065. ಈ ಶೀಟು ಇದ್ದಕ್ಕಿದ್ದಂತೆ ಹೀಗಾಗುತ್ತದೆ:

```
45748  ಉದ್ದಿನ ಬೇಳೆ    25  130  =C2*D2
45748  ದೋಸೆ ಅಕ್ಕಿ     50  45   =C3*D3
45748  ಕೊಬ್ಬರಿ ಎಣ್ಣೆ   15  250  =C4*D4
       ಒಟ್ಟು                   =SUM(E2:E4)
       ರಿಯಾಯಿತಿ                0.02
       ಕೊಡಬೇಕಾದದ್ದು            =E5-E5*E6
```

ಗಲ್ಲೆಯಲ್ಲಿ ಕೂತವರಿಗೆ ಎದೆ ಧಸಕ್ ಎನ್ನುತ್ತದೆ. ಆದರೆ ಒಂದಂಕಿಯೂ ಹಾಳಾಗಿಲ್ಲ. Show Formulas ಎಂಬ ನೋಟ ಆನ್ ಆಗಿದೆ, ಅಷ್ಟೇ. 45748 ಕೂಡ ಹೊಸದಾಗಿ ಬಂದದ್ದಲ್ಲ. ಅದು 2025ರ ಏಪ್ರಿಲ್ 1. ಎಕ್ಸೆಲ್ ತಾರೀಖನ್ನು ಒಳಗೆ ದಿನಗಳ ಎಣಿಕೆಯಾಗಿ ಇಟ್ಟುಕೊಂಡಿರುತ್ತದೆ. ಈ ನೋಟದಲ್ಲಿ ಮೇಲಿನ ಅಲಂಕಾರ ಕಳಚಿ ಒಳಗಿನದು ಕಾಣುತ್ತದೆ. 2% ಎಂಬುದು 0.02 ಆದದ್ದೂ ಹಾಗೆಯೇ.

ಸರಿ ಮಾಡುವ ಮೊದಲು ಎರಡು ಕೆಲಸ ಮಾಡಬೇಡಿ. ಒಂದು, ಗಾಬರಿಯಲ್ಲಿ Ctrl+Z ಒತ್ತುವುದು. ಅದರಿಂದ ಈ ನೋಟ ಹೋಗುವುದಿಲ್ಲ. ಅದಕ್ಕೂ ಮೊದಲು ನೀವು ಟೈಪ್ ಮಾಡಿದ್ದು ಹೋಗುತ್ತದೆ! ಇನ್ನೊಂದು, ಕ್ಯಾಲ್ಕುಲೇಟರ್ ಹಿಡಿದು =C2*D2 ಇದ್ದಲ್ಲಿ 3250 ಎಂದು ಬರೆಯುವುದು. ನಾಳೆ ಬೇಳೆಯ ದರ ಬದಲಾದರೆ ಆ ಮೊತ್ತ ಬದಲಾಗದೆ ಹಾಗೇ ಕೂತಿರುತ್ತದೆ. ನಿಜವಾದ ನಷ್ಟ ಆಗುವುದು ಇಲ್ಲೇ.

ಈಗ ಬಿಡಿಸುವ ದಾರಿ. ಕೀಬೋರ್ಡಿನಲ್ಲಿ Tab ಕೀಲಿಯ ಮೇಲೆ, 1ರ ಎಡಕ್ಕೆ, ಓರೆ ಗೆರೆಯ ಒಂದು ಕೀಲಿ ಇರುತ್ತದೆ. Ctrl ಹಿಡಿದು ಅದನ್ನು ಒಮ್ಮೆ ಒತ್ತಿ.

```
Ctrl + `
```

ಮೊತ್ತಗಳು ಮರಳುತ್ತವೆ. ಮತ್ತೆ ಒತ್ತಿದರೆ ಮತ್ತೆ ಫಾರ್ಮುಲಾ. ಆನ್ ಆದದ್ದೂ ಬಹುಶಃ ಹೀಗೇ ಇರಬೇಕು. ಸೆಲ್‌ನ ಫಾರ್ಮ್ಯಾಟ್ ಬದಲಿಸಲು ನಾವು Ctrl+1 ಒತ್ತುತ್ತೇವೆ ಅಲ್ವಾ? ಬೆರಳು ಒಂದು ಕೀಲಿ ಎಡಕ್ಕೆ ಜಾರಿದರೆ ಸಾಕು.

ಕೀಲಿ ಕೆಲಸ ಮಾಡದಿದ್ದರೆ ಮೇಲಿನ ಪಟ್ಟಿಯಲ್ಲಿ Formulas ತೆರೆಯಿರಿ. ಅಲ್ಲಿ Formula Auditing ಗುಂಪಿನಲ್ಲಿ Show Formulas ಬಟನ್ ಒತ್ತಿದಂತೆ ಕಾಣುತ್ತಿರುತ್ತದೆ. ಅದರ ಮೇಲೆ ಒಮ್ಮೆ ಕ್ಲಿಕ್ ಮಾಡಿ. ಗೂಗಲ್ ಶೀಟ್ಸ್ ಆದರೆ View, Show, Formulas ಎಂದು ಹೋಗಿ ಟಿಕ್ ತೆಗೆಯಿರಿ.

ಕಾಲಂಗಳ ವಿಷಯ ಸ್ವಲ್ಪ ವಿಚಿತ್ರ. ಈ ನೋಟದಲ್ಲಿ ಎಕ್ಸೆಲ್ ಎಲ್ಲ ಕಾಲಂಗಳನ್ನೂ ಸುಮಾರು ಎರಡು ಪಟ್ಟು ಅಗಲ ಮಾಡುತ್ತದೆ. ‘ಇದೇನು ಇಷ್ಟು ದೊಡ್ಡದು’ ಎಂದು ಎಳೆದು ಕಿರಿದು ಮಾಡಿದರೆ, ನೋಟ ಸರಿಯಾದ ಮೇಲೆ ಅವು ಇನ್ನೂ ಕಿರಿದಾಗಿ ಮೊತ್ತದ ಜಾಗದಲ್ಲಿ ###### ಕಾಣುತ್ತದೆ. ಹೆದರಬೇಕಾಗಿಲ್ಲ. ಕಾಲಂ ಅಕ್ಷರದ ಬಲ ಅಂಚಿನ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಅಗಲ ಸರಿಹೋಗುತ್ತದೆ. ಕೈ ಹಾಕದೆ ಬಿಟ್ಟಿದ್ದರೆ ಹಳೆಯ ಅಗಲ ತಾನಾಗಿಯೇ ಬರುತ್ತಿತ್ತು.

ಎಲ್ಲೋ ಒಂದೆರಡು ಸೆಲ್‌ಗಳಲ್ಲಿ ಮಾತ್ರ ಫಾರ್ಮುಲಾ ಕಾಣುತ್ತಿದ್ದರೆ ಕಾಯಿಲೆ ಬೇರೆ. ತಾರೀಖು ತಾರೀಖಾಗಿಯೇ ಇದೆ, ಕಾಲಂ ಅಗಲವೂ ಮೊದಲಿನಂತಿದೆ ಎಂದರೆ ಆ ಸೆಲ್ Text ಫಾರ್ಮ್ಯಾಟಿನಲ್ಲಿರಬಹುದು. ಅದನ್ನು General ಮಾಡಿ. ಅಷ್ಟಕ್ಕೇ ಮೊತ್ತ ಬರುವುದಿಲ್ಲ. F2 ಒತ್ತಿ Enter ಕೊಡಬೇಕು. ಸಮ ಚಿಹ್ನೆಗಿಂತ ಮೊದಲು ' ಅಥವಾ ಖಾಲಿ ಜಾಗ ಇದ್ದರೂ ಹೀಗೇ ಆಗುತ್ತದೆ, ಅದನ್ನು ಅಳಿಸಿ.

ಈ ನೋಟ ಒಂದೊಂದು ಶೀಟಿಗೂ ಬೇರೆ ಬೇರೆ. ಏಪ್ರಿಲ್ ಶೀಟಿನಲ್ಲಿ ಆನ್ ಇದ್ದರೂ ಮೇ ಶೀಟು ಸರಿಯಾಗಿರಬಹುದು. ಫೈಲ್ ಸೇವ್ ಮಾಡಿದರೆ ಅದೂ ಜೊತೆಗೇ ಸೇವ್ ಆಗುತ್ತದೆ. ಅಂಧೇರಿಯ ಸಿಎ ಆಫೀಸಿಗೆ ಮೇಲ್ ಮಾಡಿದರೆ ಅಲ್ಲೂ ಹಾಗೇ ತೆರೆದುಕೊಳ್ಳುತ್ತದೆ. ‘ಶೆಟ್ರೇ, ಮೊತ್ತ ಎಲ್ಲಿ?’ ಎಂದು ಫೋನ್ ಬಂದರೆ ಹೊಸ ಫೈಲ್ ಕಳಿಸುವ ಅಗತ್ಯವಿಲ್ಲ, ಆ ಕೀಲಿ ಒತ್ತಲು ಹೇಳಿ. ಪ್ರಿಂಟ್ ಮತ್ತು ಪಿಡಿಎಫ್ ಮಾತ್ರ ಹಾಗಲ್ಲ. ಅವುಗಳಲ್ಲಿ ಒಮ್ಮೆ ಅಚ್ಚಾದ ಫಾರ್ಮುಲಾ ಹೋಗುವುದಿಲ್ಲ, ಕಾಲಂ ಅಗಲದಿಂದ ಪುಟವೂ ಜಾಸ್ತಿ. ಅಲ್ಲಿ ನೋಟ ಆಫ್ ಮಾಡಿ ಮತ್ತೊಮ್ಮೆ ತೆಗೆಯಲೇಬೇಕು.